ರಜೆಗೆ ಬಾಗಿಲು ಹಾಕುವ ಮುನ್ನ: ಕೊನೆಯ ಆರ್ಡರ್ ದಿನವನ್ನು ಎಣಿಸುವುದು, ಗ್ರಾಹಕರಿಗೆ ತಿಳಿಸುವುದು

‘ಜೂನ್ 20ರಿಂದ 28ರವರೆಗೆ ನಮ್ಮ ಘಟಕಕ್ಕೆ ರಜೆ’ ಎಂದು ಒಂದು ಸಾಲು ಕಳಿಸಿದರೆ ನೀವು ಯಾವಾಗ ಇರುವುದಿಲ್ಲ ಎಂಬುದಷ್ಟೇ ಗ್ರಾಹಕರಿಗೆ ಗೊತ್ತಾಗುತ್ತದೆ. ಅವರಿಗೆ ಬೇಕಿರುವುದು ಬೇರೆಯೇ ಮೂರು ಸಂಗತಿ. ಯಾವ ದಿನದೊಳಗೆ ಆರ್ಡರ್ ಕೊಟ್ಟರೆ ರಜೆಗೆ ಮುಂಚೆ ಮಾಲು ಕೈಸೇರುತ್ತದೆ, ಆ ದಿನ ತಪ್ಪಿದರೆ ಮುಂದಿನ ಮಾಲು ಯಾವಾಗ ಬರುತ್ತದೆ, ಅಲ್ಲಿಯವರೆಗೆ ಎಷ್ಟು ದಾಸ್ತಾನು ಇಟ್ಟುಕೊಳ್ಳಬೇಕು. ಈ ಮೂರಕ್ಕೂ ಉತ್ತರ ಕೊಡಲು ಮೊದಲು ನಿಮ್ಮ ಕಡೆ ಲೆಕ್ಕ ಸರಿಯಾಗಬೇಕು. ಸೂಚನೆ ಬರೆಯುವುದು ಆಮೇಲಿನ ಕೆಲಸ.

ಆರ್ಡರ್ ಬಂದ ಮೇಲೆ ತಯಾರಿಸಿ ಕಳಿಸುವ ಉದ್ಯಮಗಳಲ್ಲಿ ಈ ಲೆಕ್ಕ ಹೆಚ್ಚು ತಪ್ಪುತ್ತದೆ. ಹಾಗಾಗಿ ಇಲ್ಲಿ ಗ್ರಾಹಕರ ಹೆಸರು, ಗುರುತು ಮುದ್ರಿಸಿ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಒಂದು ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾನುವಾರ ವಾರದ ರಜೆ. ದೀರ್ಘ ರಜೆ 2026ರ ಜೂನ್ 20, ಶನಿವಾರದಿಂದ ಜೂನ್ 28, ಭಾನುವಾರದವರೆಗೆ. ಕೊನೆಯ ಕೆಲಸದ ದಿನ ಜೂನ್ 19, ಶುಕ್ರವಾರ; ಮತ್ತೆ ತೆರೆಯುವುದು ಜೂನ್ 29, ಸೋಮವಾರ.

ಗ್ರಾಹಕರ ಗೇಟಿನಿಂದ ಹಿಂದಕ್ಕೆ ಎಣಿಸಿ

ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ನಮ್ಮ ಕೊನೆಯ ಕೆಲಸದ ದಿನದಿಂದ. ‘19ಕ್ಕೆ ಮುಚ್ಚುತ್ತೇವೆ, ಪೆಟ್ಟಿಗೆ ಮಾಡಲು ಒಂದು ವಾರ, ಹಾಗಾದರೆ 12ರವರೆಗೆ ಆರ್ಡರ್ ತೆಗೆದುಕೊಳ್ಳಬಹುದು’ ಎನ್ನುವ ಲೆಕ್ಕ. ಹೀಗೆ ಮಾಡಿದರೆ 19ರ ಸಂಜೆ ಲಾರಿ ಹತ್ತಿದ ಮಾಲು ದಾರಿಯಲ್ಲಿರುವಾಗ ನಿಮ್ಮ ಕಚೇರಿಗೆ ಬೀಗ ಬಿದ್ದಿರುತ್ತದೆ. ಒಂದು ಬಂಡಲ್ ಕಡಿಮೆ ಬಂದರೆ, ವಿಳಾಸ ತಪ್ಪಿದರೆ, ಪೆಟ್ಟಿಗೆ ನೆನೆದಿದ್ದರೆ ಒಂಬತ್ತು ದಿನ ಫೋನ್ ಎತ್ತುವವರು ಯಾರೂ ಇರುವುದಿಲ್ಲ.

ಎಣಿಕೆ ಮಾಲು ಗ್ರಾಹಕರ ಸ್ಟೋರ್ಸ್ ತಲುಪಬೇಕಾದ ದಿನದಿಂದ ಶುರುವಾಗಲಿ. ಆ ದಿನವನ್ನು ನಿಮ್ಮ ಕೊನೆಯ ಕೆಲಸದ ದಿನಕ್ಕಿಂತ ಒಂದು ದಿನ ಮುಂಚೆ ಇಟ್ಟುಕೊಳ್ಳಿ. ಇಲ್ಲಿ ಅದು ಜೂನ್ 18, ಗುರುವಾರ. ಮಾಲು 18ಕ್ಕೆ ತಲುಪಿ, ಏನಾದರೂ ದೂರು ಬಂದರೆ ಸರಿಪಡಿಸಲು 19ನೇ ತಾರೀಖು ಕೈಯಲ್ಲಿರುತ್ತದೆ. ಲಾರಿ ಒಂದು ದಿನ ತಡವಾದರೂ ಅದೇ ದಿನ ಕಾಪಾಡುತ್ತದೆ.

ಇನ್ನು ಹಿಂದಕ್ಕೆ ಬನ್ನಿ. ದೂರದ ಗ್ರಾಹಕರಿಗೆ ಸಾಗಣೆಗೆ ಮೂರು ದಿನ ಬೇಕು. ಹಾಗಾಗಿ ಮಾಲು ಹೊರಡಬೇಕಾದದ್ದು ಜೂನ್ 15, ಸೋಮವಾರ. ಹಿಂದೆ ಮಾಡಿಸಿದ ವಿನ್ಯಾಸವನ್ನೇ ಮತ್ತೆ ಮಾಡಲು ಈ ಘಟಕಕ್ಕೆ ಏಳು ಕೆಲಸದ ದಿನ ಹಿಡಿಯುತ್ತದೆ: ಶೀಟ್ ತರಿಸಲು ಎರಡು, ಮುದ್ರಣ, ಡೈ ಕಟಿಂಗ್ ಮತ್ತು ಅಂಟಿಸುವುದಕ್ಕೆ ನಾಲ್ಕು, ಪರೀಕ್ಷಿಸಿ ಕಟ್ಟಲು ಒಂದು. 15ರಿಂದ ಹಿಂದಕ್ಕೆ 14 ಭಾನುವಾರ, ಬಿಟ್ಟುಬಿಡಿ; 13, 12, 11, 10, 9, 8 ಸೇರಿ ಆರು ದಿನ; 7 ಕೂಡ ಭಾನುವಾರ, ಬಿಟ್ಟುಬಿಡಿ; ಏಳನೆಯದು 6. ಅಂದರೆ ಜೂನ್ 6ರ ಬೆಳಿಗ್ಗೆಯೇ ಕೆಲಸ ಶುರುವಾಗಬೇಕು. 6ನೇ ತಾರೀಖು ಕೆಲಸದ ಮೊದಲ ದಿನ, ಆರ್ಡರ್ ತೆಗೆದುಕೊಳ್ಳುವ ದಿನವಲ್ಲ. ಆರ್ಡರ್ ಅದರ ಹಿಂದಿನ ಸಂಜೆಯೊಳಗೆ ಕೈಯಲ್ಲಿರಬೇಕು, ಆದ್ದರಿಂದ ಕೊನೆಯ ಆರ್ಡರ್ ದಿನ ಜೂನ್ 5, ಶುಕ್ರವಾರ. ಈ ಒಂದು ದಿನದ ವ್ಯತ್ಯಾಸವನ್ನು ಮರೆಯುವವರು ಬಹಳ. ಮರೆತರೆ ಕೊನೆಯಲ್ಲಿ ಉಳಿಸಿಟ್ಟ ದಿನ ಆರಂಭದಲ್ಲೇ ಖರ್ಚಾಗಿರುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಎಣಿಸುವುದಾದರೆ ಸೂತ್ರ ಇದು:

```
=WORKDAY.INTL(DATE(2026,6,15),-8,11,A2:A10)
```

ಮೊದಲನೆಯದು ಮಾಲು ಹೊರಡುವ ದಿನ. -8 ಅಂದರೆ ಏಳು ದಿನದ ಕೆಲಸ, ಜೊತೆಗೆ ಆರ್ಡರ್ ಕೈಸೇರುವ ಒಂದು ದಿನ. 11 ಎಂಬ ಸಂಖ್ಯೆ ‘ವಾರದ ರಜೆ ಭಾನುವಾರ ಮಾತ್ರ’ ಎಂದು ಹೇಳುತ್ತದೆ. ಶನಿವಾರವೂ ರಜೆ ಇರುವವರು ಅಲ್ಲಿ 1 ಹಾಕಬೇಕು. A2ರಿಂದ A10ರವರೆಗಿನ ಕೋಶಗಳಲ್ಲಿ ಮಧ್ಯೆ ಬರುವ ಬಿಡಿ ರಜೆಗಳ ತಾರೀಖುಗಳಿರಲಿ. ಉತ್ತರ ಐದಂಕಿಯ ಸಂಖ್ಯೆಯಾಗಿ ಕಂಡರೆ ಗಾಬರಿ ಬೇಡ, ಕೋಶದ ಫಾರ್ಮ್ಯಾಟ್ ಅನ್ನು ತಾರೀಖಿಗೆ ಬದಲಿಸಿದರೆ ಸಾಕು.

ಈ ಎಣಿಕೆ ನಿಲ್ಲುವುದು ನಿಮ್ಮ ಗೋಡೆಯೊಳಗಿನ ದಿನಗಳ ಮೇಲಷ್ಟೇ ಅಲ್ಲ. ಶೀಟ್ ಕೊಡುವವರು ನಿಮಗಿಂತ ಮುಂಚೆ ಮುಚ್ಚುತ್ತಾರೆಯೇ, ಟ್ರಾನ್ಸ್‌ಪೋರ್ಟ್‌ನವರು ದೂರದ ಊರುಗಳಿಗೆ ಬುಕಿಂಗ್ ಯಾವ ದಿನ ನಿಲ್ಲಿಸುತ್ತಾರೆ, ಗ್ರಾಹಕರ ಸ್ಟೋರ್ಸ್ 18ಕ್ಕೆ ಮಾಲು ಇಳಿಸಿಕೊಳ್ಳುತ್ತದೆಯೇ ಎಂದು ಮೂವರನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ತಾರೀಖು ಪ್ರಕಟಿಸಿ. ಈ ಮೂರರಲ್ಲಿ ಹೆಚ್ಚು ಮರೆತುಹೋಗುವುದು ಕೊನೆಯದು. ಗ್ರಾಹಕರ ಕಚೇರಿ ತೆರೆದಿದ್ದರೂ ಸ್ಟೋರ್ಸ್‌ನಲ್ಲಿ ದಾಸ್ತಾನು ಎಣಿಕೆ ನಡೆಯುತ್ತಿದ್ದರೆ ಲಾರಿ ಗೇಟಿನಿಂದಲೇ ವಾಪಸಾಗುತ್ತದೆ.

ಎಲ್ಲರಿಗೂ ಒಂದೇ ತಾರೀಖು ಆಗುವುದಿಲ್ಲ

ಹತ್ತಿರದ ಗ್ರಾಹಕರಿಗೆ ಸಾಗಣೆ ಒಂದೇ ದಿನ. ಅವರ ಮಾಲು ಜೂನ್ 17ಕ್ಕೆ ಹೊರಟರೂ ಸಾಕು, ಆದ್ದರಿಂದ ಅದೇ ಪೆಟ್ಟಿಗೆಗೆ ಅವರ ಕೊನೆಯ ದಿನ ಜೂನ್ 8, ಸೋಮವಾರ. ಮುದ್ರಣವಿಲ್ಲದ ಸಿದ್ಧ ಪೆಟ್ಟಿಗೆಗಳನ್ನು ಕಟ್ಟಿ ಕಳಿಸಲು ಒಂದು ದಿನ ಸಾಕು. ಅದಕ್ಕೆ ದೂರದವರು ಜೂನ್ 12ರವರೆಗೆ, ಹತ್ತಿರದವರು ಜೂನ್ 15ರವರೆಗೆ ಆರ್ಡರ್ ಕೊಡಬಹುದು.

ತೊಡಕಾಗುವುದು ಹೊಸ ವಿನ್ಯಾಸದಲ್ಲಿ. ಪ್ರೂಫ್ ತಯಾರಿಸಲು ಒಂದು ದಿನ, ಗ್ರಾಹಕರು ಅದನ್ನು ಒಪ್ಪಲು ಎರಡು ದಿನ, ಡೈ ಮಾಡಿಸಲು ಮೂರು ದಿನ, ಒಟ್ಟು ಆರು ಹೆಚ್ಚುವರಿ ದಿನ. ದೂರದವರಿಗೆ ಕೊನೆಯ ದಿನ ಮೇ 29, ಶುಕ್ರವಾರಕ್ಕೆ ಹೋಗುತ್ತದೆ. ಹತ್ತಿರದವರಿಗೆ ಜೂನ್ 1, ಸೋಮವಾರ. ಇದರಲ್ಲಿ ಒಪ್ಪಿಗೆಯ ಎರಡು ದಿನ ನಿಮ್ಮ ಹಿಡಿತದಲ್ಲಿಲ್ಲ. ಪ್ರೂಫ್ ನಾಲ್ಕು ಜನರ ಕೈದಾಟಿ ಬರುವ ಕಂಪನಿಗಳಿಗೆ ಎರಡು ದಿನ ಎಲ್ಲಿಗೂ ಸಾಲದು. ಹಾಗಾಗಿ ಹೊಸ ವಿನ್ಯಾಸದವರಿಗೆ ಎರಡು ತಾರೀಖು ಕೊಡಿ: ವಿವರ ಕೊಡಲು ಒಂದು, ಪ್ರೂಫ್ ಒಪ್ಪಲು ಇನ್ನೊಂದು. ದೂರದವರಿಗೆ ಎರಡನೆಯದು ಜೂನ್ 2ರ ಸಂಜೆ. ಅದನ್ನು ಬರೆದು ಕೊಡದಿದ್ದರೆ ‘ನಾವು ಮೇ 29ಕ್ಕೇ ಆರ್ಡರ್ ಕೊಟ್ಟಿದ್ದೆವು’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಈಗ ಕೈಯಲ್ಲಿ ಆರು ತಾರೀಖುಗಳಾದವು. ಆರನ್ನೂ ಒಂದು ಕೋಷ್ಟಕದಲ್ಲಿ ಹಾಕಿ ಎಲ್ಲರಿಗೂ ಕಳಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಓದುವವರು ತಮಗೆ ಅನುಕೂಲವಾದ, ಎಲ್ಲಕ್ಕಿಂತ ಕೊನೆಯ ತಾರೀಖನ್ನೇ ನೆನಪಿಟ್ಟುಕೊಳ್ಳುತ್ತಾರೆ. ಗ್ರಾಹಕರ ಪಟ್ಟಿಯನ್ನು ಮೊದಲೇ ಗುಂಪು ಮಾಡಿ, ಒಬ್ಬೊಬ್ಬರಿಗೂ ಅವರದೇ ತಾರೀಖು ಮಾತ್ರ ಹೋಗುವಂತೆ ನೋಡಿಕೊಳ್ಳಿ.

ಕೊನೆಯ ದಿನದ ನೂಕುನುಗ್ಗಲು

ದಿನಗಳ ಲೆಕ್ಕ ಸರಿಯಿದ್ದೂ ಮಾಲು ತಡವಾಗುವುದುಂಟು. ಮೇಲಿನ ಏಳು ದಿನ ಒಂದು ಆರ್ಡರ್‌ಗೆ ಹಿಡಿಯುವ ಸಮಯ. ಇಪ್ಪತ್ತು ಆರ್ಡರ್ ಒಂದೇ ಸಂಜೆ ಬಂದರೆ ಅದು ಸುಳ್ಳಾಗುತ್ತದೆ.

ಈ ಘಟಕಕ್ಕೆ ದಿನಕ್ಕೆ ಸರಾಸರಿ ಮೂರು ಆರ್ಡರ್ ಬರುತ್ತವೆ ಎನ್ನೋಣ. ಯಂತ್ರಗಳು ಮತ್ತು ಜನ ಸೇರಿ ದಿನಕ್ಕೆ ನಾಲ್ಕನ್ನು ಕೈಗೆತ್ತಿಕೊಳ್ಳಬಲ್ಲರು. ರಜೆಯಲ್ಲಿ ಕಳೆದುಹೋಗುವ ಕೆಲಸದ ದಿನಗಳು ಏಳು, ಅಂದರೆ 21 ಆರ್ಡರ್. ಇಷ್ಟನ್ನೂ ರಜೆಗೆ ಮುಂಚೆಯೇ ಮುಗಿಸಬೇಕೆಂದರೆ, ದಿನಕ್ಕೆ ಒಂದೇ ಜಾಗ ಖಾಲಿ ಇರುವ ಲೆಕ್ಕದಲ್ಲಿ 21 ಕೆಲಸದ ದಿನ ಬೇಕು. ಮೂರೂವರೆ ವಾರ! ಸುಮಾರು ಅರ್ಧದಷ್ಟು ಗ್ರಾಹಕರು ರಜೆಯ ನಂತರಕ್ಕೆ ಕಾಯಬಲ್ಲರು ಎಂದುಕೊಂಡರೂ 11 ಹೆಚ್ಚುವರಿ ಆರ್ಡರ್ ಉಳಿಯುತ್ತವೆ. ಅವನ್ನು ದಿನಕ್ಕೊಂದರಂತೆ ಹಂಚಿದರೆ ಜೂನ್ 5ಕ್ಕೆ ಮುಗಿಯಲು ಮೇ 25ರಿಂದಲೇ ಬರತೊಡಗಬೇಕು.

ಸೂಚನೆ ಕಳಿಸುವ ಮುಖ್ಯ ಉದ್ದೇಶವೇ ಇದು. ಜೂನ್ 5 ಎಂಬ ತಾರೀಖನ್ನು ಗ್ರಾಹಕರ ತಲೆಗೆ ಹಾಕುವುದಕ್ಕಿಂತ, ಅರ್ಧ ಜನರಾದರೂ ಅದಕ್ಕಿಂತ ಬಹಳ ಮೊದಲೇ ಆರ್ಡರ್ ಕೊಡುವಂತೆ ಮಾಡುವುದು. ಹೆಚ್ಚು ಮಾಲು ಕೊಳ್ಳುವ ಗ್ರಾಹಕರಿಗೆ ಒಂದೊಂದು ಜಾಗ ಕಾದಿರಿಸಿ: ‘ನಿಮ್ಮ ಆರ್ಡರ್‌ಗೆ ಮೇ 27, ಬುಧವಾರ ಜಾಗ ಇಟ್ಟಿದ್ದೇವೆ. ಮೇ 22ರೊಳಗೆ ಪ್ರಮಾಣ ತಿಳಿಸದಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತೇವೆ.’ ಇದು ಒರಟಾಗಿ ಕೇಳಿಸಬಹುದು, ಆದರೆ ಖರೀದಿ ವಿಭಾಗದವರಿಗೆ ತಮ್ಮ ಮೇಲಿನವರಿಂದ ಸಹಿ ಹಾಕಿಸಲು ಇಂಥದೇ ಒಂದು ಗಡುವು ಬೇಕಾಗಿರುತ್ತದೆ. ಜಾಗಗಳು ಮುಂಚೆಯೇ ತುಂಬಿದರೆ ‘ಕೊನೆಯ ದಿನ ಜೂನ್ 5, ಅಥವಾ ಜಾಗ ತುಂಬುವವರೆಗೆ’ ಎಂಬ ಷರತ್ತು ಮೊದಲ ಸೂಚನೆಯಲ್ಲೇ ಇದ್ದಿರಬೇಕು. ಆಮೇಲೆ ಸೇರಿಸಿದರೆ ಜಗಳ.

ತಪ್ಪಿಸಿಕೊಂಡವರಿಗೆ ಮಾಲು ಯಾವಾಗ?

ಜೂನ್ 29ಕ್ಕೆ ತೆರೆಯುತ್ತೇವೆ ಎಂದು ಓದಿದವರು ಅದೇ ವಾರ ಪೆಟ್ಟಿಗೆ ಬರುತ್ತದೆ ಎಂದುಕೊಳ್ಳುತ್ತಾರೆ. ಅದು ನಿಜವಲ್ಲ. 29ರಂದು ಶುರು ಮಾಡಿದ ಕೆಲಸ ಜುಲೈ 6ಕ್ಕೆ ಮುಗಿದು, 7ಕ್ಕೆ ಹೊರಟು, ದೂರದವರನ್ನು ಜುಲೈ 10ಕ್ಕೆ ತಲುಪುತ್ತದೆ. ಅದೂ ಸಾಲಿನಲ್ಲಿ ಮೊದಲಿದ್ದವರಿಗೆ. ಕಾಯಲು ಒಪ್ಪಿದ ಹತ್ತು ಆರ್ಡರ್‌ಗಳನ್ನು ದಿನಕ್ಕೆ ನಾಲ್ಕರಂತೆ ತೆಗೆದುಕೊಂಡರೆ ಕೊನೆಯ ಎರಡು ಶುರುವಾಗುವುದು ಜುಲೈ 1ಕ್ಕೆ. ಅವು ಜುಲೈ 8ಕ್ಕೆ ಮುಗಿದು, 9ಕ್ಕೆ ಹೊರಟು, ಮಧ್ಯೆ ಭಾನುವಾರ ದಾಟಿ ಜುಲೈ 13, ಸೋಮವಾರ ತಲುಪುತ್ತವೆ. ಸೂಚನೆಯಲ್ಲಿ ಬರೆಯಬೇಕಾದ್ದು ಈ 13ನ್ನು, 10ನ್ನಲ್ಲ.

ಗ್ರಾಹಕರ ಕಡೆಯಿಂದ ನೋಡಿದರೆ ಜೂನ್ 18ಕ್ಕೆ ಬಂದ ಮಾಲು ಜುಲೈ 13ರವರೆಗೆ, ಅಂದರೆ 25 ದಿನ ಬಾಳಬೇಕು. ವಾರಕ್ಕೆ 1,000 ಪೆಟ್ಟಿಗೆ ಬಳಸುವವರಿಗೆ ಸುಮಾರು 3,600. ನಿಮ್ಮ ರಜೆ ಒಂಬತ್ತು ದಿನದ್ದೇ ಆದರೂ ಅವರ ಪಾಲಿಗೆ ಅದು ಮೂರೂವರೆ ವಾರದ ಅಂತರ. ಇದನ್ನು ಸೂಚನೆಯಲ್ಲಿ ಸಂಖ್ಯೆಯಲ್ಲೇ ಹೇಳಿದರೆ ‘ರಜೆ ಮುಗಿದ ಮೇಲೆ ನೋಡೋಣ’ ಎನ್ನುವವರಲ್ಲಿ ಹಲವರು ಅಂದೇ ಆರ್ಡರ್ ಕೊಡುತ್ತಾರೆ.

ಆರ್ಡರ್ ಬಂದಿದೆ ಎಂದು ಯಾವಾಗ ಹೇಳಬಹುದು

ಜೂನ್ 5ರ ಸಂಜೆ ಐದೂವರೆಗೆ ‘ಕಳೆದ ಸಲದಂತೆಯೇ ಕಳಿಸಿ’ ಎಂದು ಒಂದು ಸಂದೇಶ ಬರುತ್ತದೆ. ಪ್ರಮಾಣವಿಲ್ಲ, ಪರ್ಚೇಸ್ ಆರ್ಡರ್ ಇಲ್ಲ, ಅಡ್ವಾನ್ಸ್ ಬಂದಿಲ್ಲ. ಗ್ರಾಹಕರ ಮಟ್ಟಿಗೆ ಆರ್ಡರ್ ಕೊಟ್ಟಾಗಿದೆ. ಈ ತಕರಾರು ಬಾರದಿರಲು ಏನೇನು ಕೈಸೇರಿದಾಗ ಆರ್ಡರ್ ಪೂರ್ಣ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ: ಅಳತೆ ಮತ್ತು ಪ್ರಮಾಣವಿರುವ ಪರ್ಚೇಸ್ ಆರ್ಡರ್, ಒಪ್ಪಿದ ಪ್ರೂಫ್, ಅಡ್ವಾನ್ಸ್ ಇರುವವರಾದರೆ ಅದು ನಿಮ್ಮ ಖಾತೆಗೆ ಜಮೆಯಾಗಿರುವುದು. ಹಣ ಕಳಿಸಿದ್ದೇವೆ ಎಂಬ ಸ್ಕ್ರೀನ್‌ಶಾಟ್ ಜಮೆಯಾದಂತಲ್ಲ.

ಗಂಟೆಯನ್ನೂ ಬರೆಯಿರಿ. ಸಂಜೆ 4 ಗಂಟೆ ಒಳ್ಳೆಯ ಗಡುವು, ಏಕೆಂದರೆ ಶೀಟ್‌ನವರಿಗೆ ಅಂದೇ ಆರ್ಡರ್ ದಾಟಿಸಲು ಸಮಯ ಉಳಿಯುತ್ತದೆ. ಬೇರೆ ದೇಶದ ಗ್ರಾಹಕರಿದ್ದರೆ ಯಾವ ಊರಿನ 4 ಗಂಟೆ ಎಂದೂ ಹೇಳಬೇಕು.

ಸೂಚನೆಯ ಮಾತು

ದೂರದ ಗ್ರಾಹಕರೊಬ್ಬರಿಗೆ, ಹಳೆಯ ವಿನ್ಯಾಸದ ಪೆಟ್ಟಿಗೆಗೆ ಹೋಗುವ ಮೇಲ್ ಹೀಗಿರಬಹುದು.

> ವಿಷಯ: ನಿಮ್ಮ ಕೊನೆಯ ಆರ್ಡರ್ ದಿನ ಜೂನ್ 5, ಶುಕ್ರವಾರ (ಜೂನ್ 20–28 ನಮಗೆ ರಜೆ)
>
> ನಮಸ್ಕಾರ,
>
> ಜೂನ್ 20, ಶನಿವಾರ ಬೆಳಿಗ್ಗೆಯಿಂದ ಜೂನ್ 28, ಭಾನುವಾರ ರಾತ್ರಿಯವರೆಗೆ ನಮ್ಮ ಘಟಕ ಮತ್ತು ಕಚೇರಿ ಮುಚ್ಚಿರುತ್ತವೆ. ಜೂನ್ 29, ಸೋಮವಾರ ಕೆಲಸ ಮತ್ತೆ ಶುರುವಾಗುತ್ತದೆ.
>
> ರಜೆಗೆ ಮುಂಚೆ, ಜೂನ್ 18ರೊಳಗೆ ನಿಮಗೆ ಮಾಲು ತಲುಪಬೇಕಾದರೆ ಪೂರ್ಣ ಆರ್ಡರ್ ಜೂನ್ 5, ಶುಕ್ರವಾರ ಸಂಜೆ 4 ಗಂಟೆಯೊಳಗೆ, ಅಥವಾ ಜಾಗ ತುಂಬುವ ಮೊದಲು ನಮ್ಮ ಕೈಸೇರಬೇಕು. ಪ್ರಮಾಣವಿರುವ ಪರ್ಚೇಸ್ ಆರ್ಡರ್ ಬಂದು, ಅಡ್ವಾನ್ಸ್ ಜಮೆಯಾದಾಗ ಆರ್ಡರ್ ಪೂರ್ಣವಾಗುತ್ತದೆ.
>
> ಆ ನಂತರ ಬರುವ ಆರ್ಡರ್‌ಗಳ ಮಾಲು ಜುಲೈ 13ರ ಹೊತ್ತಿಗೆ ತಲುಪುತ್ತದೆ. ಜೂನ್ 18ರಿಂದ ಜುಲೈ 13ರವರೆಗೆ, 25 ದಿನಕ್ಕೆ ಬೇಕಾದಷ್ಟು ಪೆಟ್ಟಿಗೆ ನಿಮ್ಮಲ್ಲಿರುವಂತೆ ದಯವಿಟ್ಟು ಲೆಕ್ಕ ಹಾಕಿ.
>
> ಎರಡು ವಿಷಯ ತಿಳಿಸಿ: ರಜೆಗೆ ಮುಂಚೆ ಎಷ್ಟು ಪೆಟ್ಟಿಗೆ ಬೇಕು? ಜೂನ್ 18 ಮತ್ತು 19ರಂದು ನಿಮ್ಮ ಸ್ಟೋರ್ಸ್ ಮಾಲು ಇಳಿಸಿಕೊಳ್ಳುತ್ತದೆಯೇ?

ಇದರಲ್ಲಿ ಕೆಲವು ಆಯ್ಕೆಗಳನ್ನು ಗಮನಿಸಿ. ವಿಷಯದ ಸಾಲಿನಲ್ಲಿ ರಜೆಗಿಂತ ಮೊದಲು ಆರ್ಡರ್ ದಿನ ಬಂದಿದೆ, ಫೋನಿನ ಪರದೆಯಲ್ಲಿ ಸಾಲು ಅರ್ಧಕ್ಕೆ ಕತ್ತರಿಸಿದರೂ ಬೇಕಾದ ತಾರೀಖು ಉಳಿಯುತ್ತದೆ. ತಾರೀಖಿನ ಜೊತೆ ವಾರವೂ ಇದೆ. ಎರಡೂ ಹೊಂದದಿದ್ದರೆ ಓದುವವರು ಕೂಡಲೇ ತಪ್ಪು ಹಿಡಿಯುತ್ತಾರೆ, ಇದು ನಿಮಗೇ ಒಂದು ರಕ್ಷಣೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದಿದೆ. 5/6 ಎಂದು ಬರೆದರೆ ಒಬ್ಬರಿಗೆ ಜೂನ್ 5, ತಿಂಗಳನ್ನು ಮೊದಲು ಬರೆಯುವವರಿಗೆ ಮೇ 6.

‘20ರವರೆಗೆ ತೆರೆದಿರುತ್ತದೆ’, ‘28ರ ತನಕ ರಜೆ’ ಎಂಬ ಮಾತುಗಳಲ್ಲಿ ಆ ದಿನ ಸೇರಿದೆಯೋ ಇಲ್ಲವೋ ಎಂಬುದು ಓದುವವರ ಊಹೆಗೆ ಬಿಟ್ಟದ್ದು. ‘ಬೆಳಿಗ್ಗೆಯಿಂದ’, ‘ರಾತ್ರಿಯವರೆಗೆ’ ಎಂದು ಸೇರಿಸಿ, ಮತ್ತೆ ತೆರೆಯುವ ದಿನವನ್ನು ಬೇರೆಯಾಗಿ ಹೇಳಿದರೆ ಆ ಅನುಮಾನ ಉಳಿಯದು.

ಕೊನೆಯಲ್ಲಿ ಪ್ರಶ್ನೆ ಇರಲೇಬೇಕು. ಪ್ರಶ್ನೆಯಿಲ್ಲದ ಸೂಚನೆಗೆ ಉತ್ತರ ಬರುವುದಿಲ್ಲ, ಉತ್ತರ ಬಾರದಿದ್ದರೆ ಅದನ್ನು ಯಾರಾದರೂ ಓದಿದರೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಶುಭಾಶಯದ ಚಿತ್ರದ ಮೇಲೆ ಹೂವಿನ ಅಂಚಿನೊಳಗೆ ತಾರೀಖು ಮುದ್ರಿಸಿ ಕಳಿಸುವ ಪದ್ಧತಿಯಂತೂ ಶುದ್ಧ ನಷ್ಟ. ಚಿತ್ರದೊಳಗಿನ ತಾರೀಖು ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿ ಸಹೋದ್ಯೋಗಿಗೆ ಕಳಿಸಲು ಆಗುವುದಿಲ್ಲ, ಶುಭಾಶಯವೆಂದು ತೆರೆಯದೆಯೇ ಬಿಡುವವರೂ ಇದ್ದಾರೆ. ಶುಭಾಶಯವನ್ನು ಬೇರೆ ದಿನ ಹೇಳಿ.

ಯಾವಾಗ, ಯಾರಿಗೆ

ಮೇ 25ರಿಂದ ಹೆಚ್ಚುವರಿ ಆರ್ಡರ್ ಬರಬೇಕಾದರೆ ಅದಕ್ಕೂ ಮುಂಚೆ ಗ್ರಾಹಕರು ತಮ್ಮ ದಾಸ್ತಾನು ನೋಡಿ, ಒಳಗೆ ಅನುಮತಿ ಪಡೆದಿರಬೇಕು. ಅದಕ್ಕೆ ಎರಡು ಮೂರು ವಾರ ಬಿಟ್ಟರೆ ಮೊದಲ ಸೂಚನೆಯ ದಿನ ಮೇ 5, ಮಂಗಳವಾರ. ಮುಚ್ಚುವುದಕ್ಕೆ ಆರೂವರೆ ವಾರ ಮುಂಚೆ. ಎರಡನೆಯದು ಮೇ 19ಕ್ಕೆ. ಹೊಸ ವಿನ್ಯಾಸದವರಿಗೆ ಇನ್ನು ಹತ್ತೇ ದಿನ ಉಳಿದಿರುವುದರಿಂದ ಅವರಿಗೆ ಇದರಲ್ಲಿ ಒತ್ತು ಬೇರೆ. ಮೂರನೆಯದು ಜೂನ್ 2ಕ್ಕೆ, ಇನ್ನೂ ಉತ್ತರಿಸದವರಿಗೆ ಮಾತ್ರ. ಈಗಾಗಲೇ ಆರ್ಡರ್ ಕೊಟ್ಟವರಿಗೆ ಮತ್ತೆ ಮತ್ತೆ ನೆನಪಿಸಿದರೆ ‘ನಮ್ಮ ಆರ್ಡರ್ ಸಿಕ್ಕಿಲ್ಲವೇ?’ ಎಂಬ ಫೋನುಗಳು ಶುರುವಾಗುತ್ತವೆ.

ಜೂನ್ 3 ಮತ್ತು 4ರಂದು ಉಳಿದವರಿಗೆ ಫೋನ್ ಮಾಡಿ. ಎಲ್ಲರಿಗೂ ಬೇಕಿಲ್ಲ. ಹಿಂದಿನ ವರ್ಷ ಇದೇ ಸಮಯದಲ್ಲಿ ಯಾರು ಆರ್ಡರ್ ಕೊಟ್ಟಿದ್ದರು ಎಂದು ಬಿಲ್ ಪುಸ್ತಕದಲ್ಲಿ ನೋಡಿ, ಈ ವರ್ಷ ಇನ್ನೂ ಮೌನವಾಗಿರುವವರ ಪಟ್ಟಿ ಮಾಡಿಕೊಳ್ಳಿ. ಜೂನ್ 10ಕ್ಕೆ ‘ತುರ್ತು’ ಎಂದು ಕರೆ ಬರುವುದು ಆ ಪಟ್ಟಿಯಿಂದಲೇ.

ಮೇಲ್ ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಪರೀಕ್ಷಿಸಿ. ಅನೇಕ ಕಡೆ ಗ್ರಾಹಕರ ಪಟ್ಟಿಯೆಂದರೆ ಬಿಲ್ ಕಳಿಸುವ ಪಟ್ಟಿ, ಅಂದರೆ ಲೆಕ್ಕಪತ್ರ ವಿಭಾಗದ ವಿಳಾಸ. ಅವರಿಗೂ ಪೆಟ್ಟಿಗೆಗೂ ಸಂಬಂಧವಿಲ್ಲ. ಆರ್ಡರ್ ಕೊಡುವವರು, ಮಾಲು ಇಳಿಸಿಕೊಳ್ಳುವವರು, ಇಬ್ಬರಿಗೂ ಹೋಗಲಿ. ಎಲ್ಲ ಗ್ರಾಹಕರ ವಿಳಾಸವನ್ನು ಒಂದೇ ಮೇಲ್‌ನ To ಅಥವಾ Cc ಸಾಲಿಗೆ ಹಾಕಿದರೆ ನಿಮ್ಮ ಗ್ರಾಹಕರ ಪಟ್ಟಿ ಎಲ್ಲರ ಕೈಗೂ ಸಿಗುತ್ತದೆ. ಒಬ್ಬೊಬ್ಬರಿಗೂ ಬೇರೆಯಾಗಿ ಕಳಿಸುವುದೇ ಸರಿ, ತಾರೀಖುಗಳೂ ಬೇರೆ ಬೇರೆಯಾಗಿವೆಯಲ್ಲ. ವಾಟ್ಸ್ಆ್ಯಪ್‌ನಲ್ಲಿ ಮೂರು ಸಾಲು ಸಾಕು: ಆರ್ಡರ್ ದಿನ, ರಜೆಯ ದಿನಗಳು, ತಪ್ಪಿದರೆ ಮಾಲು ಬರುವ ದಿನ. ಮೇ 5ರಿಂದ ಹೊರಡುವ ಪ್ರತಿ ಬಿಲ್ ಮತ್ತು ಕೊಟೇಶನ್‌ನ ಕೆಳಗೂ ಅವೇ ಮೂರು ಸಾಲು ಇರಲಿ. ಕೊಟೇಶನ್ ವಿಷಯದಲ್ಲಿ ಇದು ಮುಖ್ಯ. ‘ಆರ್ಡರ್ ಬಂದ ಏಳು ಕೆಲಸದ ದಿನಕ್ಕೆ’ ಎಂದು ಮೇ ತಿಂಗಳಲ್ಲಿ ಬರೆದುಕೊಟ್ಟ ಮಾತನ್ನು ಹಿಡಿದು ಜೂನ್ 16ಕ್ಕೆ ಆರ್ಡರ್ ಕೊಡುವವರಿರುತ್ತಾರೆ.

ಪ್ರತಿ ವಾರ ಇಷ್ಟು ಎಂದು ಕಾಯಂ ಆರ್ಡರ್ ಇರುವ ಗ್ರಾಹಕರು ಈ ಸೂಚನೆಯನ್ನು ತಮಗಲ್ಲ ಎಂದೇ ಓದುತ್ತಾರೆ. ಜೂನ್ 24ರ ಬುಧವಾರದ ಮಾಲು ಜೂನ್ 17ಕ್ಕೇ ಬರುತ್ತದೆಯೇ, ಅಥವಾ ಜುಲೈಗೆ ಹೋಗುತ್ತದೆಯೇ ಎಂದು ಅವರಿಗೆ ಹೆಸರಿಟ್ಟು ಬರೆದು, ಒಪ್ಪಿಗೆ ಪಡೆಯಿರಿ. ಎರಡು ವಾರದ ಮಾಲು ಒಟ್ಟಿಗೆ ಇಳಿಸಲು ಅವರಲ್ಲಿ ಜಾಗವಿದೆಯೇ ಎಂದೂ ಕೇಳಬೇಕು, ರಟ್ಟಿನ ಪೆಟ್ಟಿಗೆ ಮಡಚಿಟ್ಟರೂ ಜಾಗ ತಿನ್ನುತ್ತದೆ.

ತಡವಾಗಿ ಬಂದ ಆರ್ಡರ್

ಜೂನ್ 9ಕ್ಕೆ ಬಂದ ಆರ್ಡರ್‌ಗೆ ‘ಪ್ರಯತ್ನ ಮಾಡುತ್ತೇವೆ’ ಎನ್ನುವುದು ಕೆಟ್ಟ ಉತ್ತರ. ಗ್ರಾಹಕರು ಅದನ್ನು ಹೌದು ಎಂದೇ ಕೇಳಿಸಿಕೊಳ್ಳುತ್ತಾರೆ, ಮಾಲು ಬರುತ್ತದೆಂದು ಬೇರೆ ದಾರಿ ಹುಡುಕುವುದನ್ನು ನಿಲ್ಲಿಸುತ್ತಾರೆ. ನಿಮ್ಮಲ್ಲಿರುವ ನಿಜವಾದ ಆಯ್ಕೆಗಳನ್ನು ಮುಂದಿಡಿ. ಮುದ್ರಣವಿಲ್ಲದ ಸಿದ್ಧ ಪೆಟ್ಟಿಗೆಯಾದರೆ ಜೂನ್ 12ರವರೆಗೂ ಸಮಯವಿದೆ, ಮೇಲೆ ಲೇಬಲ್ ಅಂಟಿಸಿ ಕೆಲಸ ಸಾಗಿಸಬಹುದು. ಅವರೇ ವಾಹನ ಕಳಿಸಿ ಜೂನ್ 18ಕ್ಕೆ ಒಯ್ಯುವುದಾದರೆ ಸಾಗಣೆಯ ದಿನಗಳು ಉಳಿಯುತ್ತವೆ. ಅದೂ ಆಗದಿದ್ದರೆ 19ರೊಳಗೆ ತಯಾರಿಸಿ, ಕಟ್ಟಿಟ್ಟು, ಜೂನ್ 29ರಂದೇ ರವಾನಿಸಬಹುದು. ಜುಲೈ 13ರ ಬದಲು ಜುಲೈ 2ಕ್ಕೆ ತಲುಪುತ್ತದೆ. ಕೊನೆಯ ದಿನಗಳಲ್ಲಿ ಯಂತ್ರ ಖಾಲಿ ನಿಂತಿದ್ದರೆ ಮಾತ್ರ ಇದನ್ನು ಹೇಳಿ. ಗಡುವಿನೊಳಗೆ ಕೊಟ್ಟವರ ಮಾಲನ್ನು ಬದಿಗಿಟ್ಟು ತಡವಾದವರದನ್ನು ಮಾಡಿದರೆ ಮುಂದಿನ ಸಲ ನಿಮ್ಮ ತಾರೀಖನ್ನು ಯಾರೂ ನಂಬುವುದಿಲ್ಲ.

ಮುಚ್ಚಿರುವಾಗ ಮತ್ತು ತೆರೆದ ಮೇಲೆ

ಮೇಲ್‌ನ ಸ್ವಯಂ ಉತ್ತರದಲ್ಲೂ ‘ರಜೆಯಲ್ಲಿದ್ದೇವೆ’ ಎಂದಷ್ಟೇ ಬೇಡ. ಯಾವ ದಿನ ತೆರೆಯುತ್ತೇವೆ, ಈಗ ಬಂದ ಆರ್ಡರ್ ಯಾವಾಗ ತಲುಪುತ್ತದೆ, ರವಾನೆಯಾದ ಮಾಲಿನ ತೊಂದರೆಗೆ ಯಾವ ನಂಬರ್ ಎಂದು ಇರಲಿ. ಜಿಮೇಲ್‌ನ ಸ್ವಯಂ ಉತ್ತರ ಒಬ್ಬರಿಗೇ ಪದೇ ಪದೇ ಹೋಗುವುದಿಲ್ಲ, ನಾಲ್ಕು ದಿನಕ್ಕೊಮ್ಮೆ ಮಾತ್ರ. ಹಾಗಾಗಿ ಬೇಕಾದ್ದೆಲ್ಲ ಮೊದಲ ಉತ್ತರದಲ್ಲೇ ಇರಬೇಕು. ವಾಟ್ಸ್ಆ್ಯಪ್ ಬ್ಯುಸಿನೆಸ್‌ನಲ್ಲೂ ಆರಂಭ ಮತ್ತು ಅಂತ್ಯದ ಸಮಯ ಕೊಟ್ಟು ಇಂಥ ಸಂದೇಶ ಇಡಬಹುದು. ಅಂತ್ಯದ ಸಮಯ ಹಾಕದೆ ಬಿಟ್ಟರೆ ಜುಲೈ ಎರಡನೇ ವಾರದಲ್ಲೂ ‘ನಾವು ರಜೆಯಲ್ಲಿದ್ದೇವೆ’ ಎಂದು ಹೋಗುತ್ತಲೇ ಇರುತ್ತದೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಅಥವಾ ವೆಬ್‌ಸೈಟ್ ತಾನೇ ವಿತರಣಾ ದಿನ ತೋರಿಸುವಂತಿದ್ದರೆ ಅದರ ಕ್ಯಾಲೆಂಡರ್‌ನಲ್ಲಿ ಜೂನ್ 20ರಿಂದ 28ನ್ನು ರಜೆಯೆಂದು ಮೇ 5ಕ್ಕೆ ಮುಂಚೆಯೇ ಗುರುತಿಸಿ. ಸರಿಯಾಗಿದೆಯೇ ಎಂದು ತಿಳಿಯಲು ಜೂನ್ 16ರ ತಾರೀಖಿನಲ್ಲಿ ಒಂದು ಪರೀಕ್ಷಾ ಆರ್ಡರ್ ಹಾಕಿ ನೋಡಿ. ಏಳು ಕೆಲಸದ ದಿನ ಸೇರಿಸಿ ಜೂನ್ 24 ಎಂದು ತೋರಿಸಿದರೆ ಅದು ನಿಮ್ಮ ದೀರ್ಘ ರಜೆಯನ್ನು ಅರಿತಿಲ್ಲ. ಜುಲೈ 2 ಎಂದರೆ ಕ್ಯಾಲೆಂಡರ್ ಸರಿಯಿದೆ. ಪರೀಕ್ಷಾ ಆರ್ಡರ್ ಅಳಿಸಲು ಮರೆಯಬೇಡಿ.

ಜೂನ್ 29ರ ಬೆಳಿಗ್ಗೆ ಯಂತ್ರ ಶುರು ಮಾಡುವ ಮೊದಲು ಬಂದಿರುವ ಆರ್ಡರ್‌ಗಳನ್ನೆಲ್ಲ ಬಂದ ದಿನದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಬ್ಬರಿಗೂ ಮಧ್ಯಾಹ್ನದೊಳಗೆ ರವಾನೆಯ ದಿನ ತಿಳಿಸಿ. ಶೀಟ್ ಕೊಡುವವರು ಜುಲೈ 1ಕ್ಕೆ ತೆರೆಯುವುದಾದರೆ ನಿಮ್ಮ ಮೊದಲ ಎರಡು ದಿನದ ಕೆಲಸಕ್ಕೆ ಬೇಕಾದ ಶೀಟ್ ಜೂನ್ 19ಕ್ಕೇ ಗೋದಾಮಿನಲ್ಲಿರಬೇಕು, ಇಲ್ಲದಿದ್ದರೆ ಜುಲೈ 13 ಎಂದು ಕೊಟ್ಟ ಮಾತು ಅಲ್ಲೇ ಎರಡು ದಿನ ಜಾರುತ್ತದೆ. ಜಾರುವುದು ಖಚಿತವಾದರೆ ಜುಲೈ 13ರವರೆಗೆ ಕಾಯದೆ ಅಂದೇ ಹೊಸ ದಿನ ಹೇಳಿ. ಎರಡು ವಾರ ಮುಂಚೆ ಗೊತ್ತಾದ ವಿಳಂಬಕ್ಕೆ ಗ್ರಾಹಕರು ತಮ್ಮ ಪ್ಯಾಕಿಂಗ್ ಸರದಿಯನ್ನು ಬದಲಿಸಿಕೊಳ್ಳಬಲ್ಲರು. ಆ ವಾರದಲ್ಲೇ, ಯಾವ ಆರ್ಡರ್ ಎಲ್ಲಿ ಎಷ್ಟು ದಿನ ನಿಂತಿತು, ಒಪ್ಪಿಗೆಯಲ್ಲೋ, ಶೀಟಿನಲ್ಲೋ, ಲಾರಿಯಲ್ಲೋ ಎಂದು ಸ್ಪ್ರೆಡ್‌ಶೀಟ್‌ನ ಪಕ್ಕದ ಕಾಲಂನಲ್ಲಿ ಬರೆದಿಡಿ. ಮುಂದಿನ ರಜೆಗೆ ಸೂತ್ರದಲ್ಲಿ -8 ಸಾಕೇ, -9 ಬೇಕೇ ಎಂದು ಆ ಕಾಲಂ ನೋಡಿಯೇ ತೀರ್ಮಾನಿಸಬಹುದು.